ಸೊನ್ನೆಯ ಬೆಲೆ 2,360 ರೂಪಾಯಿ

ನಾನು ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತನಾದವನು. ಅಸಲನ್ನು ಅವಧಿಯಿಂದ ಗುಣಿಸು, ದರದಿಂದ ಗುಣಿಸು, ನೂರರಿಂದ ಭಾಗಿಸು ಎಂದು ಎರಡು ತಲೆಮಾರಿನ ಕಿವಿ ಹಿಂಡಿದ್ದೇನೆ. ಚಕ್ರಬಡ್ಡಿಯ ಲೆಕ್ಕ ತಪ್ಪಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅವರಲ್ಲಿ ಕೆಲವರು ಈಗಲೂ ಕುಪ್ಪೇಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಎದ್ದು ನಿಂತು ನಮಸ್ಕಾರ ಮಾಡುತ್ತಾರೆ. ಈ ಬರಹ ಓದಿದ ಮೇಲೆ ಕೂತೇ ಮಾಡುತ್ತಾರೆಂದು ಕಾಣುತ್ತದೆ.

ಕಳೆದ ವರ್ಷ ಏಪ್ರಿಲ್ ಮೊದಲ ವಾರದ ಒಂದು ದಿನ, ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆ ಒಂದು ನಿಮಿಷಕ್ಕೆ ಫೋನು ಬಂತು. ಕಾರ್ಡು ಮಾರುವವರು ಬೆಳಿಗ್ಗೆ ಹತ್ತರಿಂದ ಸಂಜೆ ಏಳರೊಳಗೆ ಮಾತ್ರ ಗ್ರಾಹಕರಿಗೆ ಫೋನು ಮಾಡಬೇಕೆಂದು ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿ ಹೇಳಿದೆ. ಆ ನಿಯಮವನ್ನು ಅವರು ಅಕ್ಷರಶಃ ಪಾಲಿಸುತ್ತಾರೆ. ಸುಲಿಗೆಯಲ್ಲೂ ಒಂದು ಶಿಸ್ತು ಬೇಕಲ್ಲ.

“ಸರ್, ನಿಮ್ಮ ಬೇರೆ ಬ್ಯಾಂಕಿನ ಕಾರ್ಡಲ್ಲಿ ಬ್ಯಾಲೆನ್ಸ್ ಏನಾದ್ರೂ ಇದೆಯಾ ಸರ್?” ಬೆಂಗಳೂರಿನ ಕನ್ನಡ, ಜೇನಿನಂಥ ಕಂಠ.

ನಮ್ಮ ಕಡೆ ಅಂಗಡಿಯ ಲೆಕ್ಕ ಬರೆಯುವವರಿಗೆ ಶಿಲ್ಕು ಬೇರೆ, ಬಾಕಿ ಬೇರೆ. ಕೈಯಲ್ಲಿ ಉಳಿದದ್ದು ಶಿಲ್ಕು, ಕೊಡಬೇಕಾದದ್ದು ಬಾಕಿ. ಇವೆರಡನ್ನೂ ಬ್ಯಾಲೆನ್ಸ್ ಎಂಬ ಒಂದೇ ಹೆಸರಿನಿಂದ ಕರೆದ ಪುಣ್ಯಾತ್ಮ ಯಾವನೋ, ಅವನು ಖಂಡಿತ ಸಾಲ ಕೊಡುವ ಕಡೆ ಕೂತವನೇ ಆಗಿರಬೇಕು. ಬಾಕಿ ಎಷ್ಟಿದೆ ಎಂದು ಆ ಹುಡುಗಿ ಕೇಳಿದ್ದರೆ ನನಗೆ ನಾಚಿಕೆಯಾಗಿ ಫೋನು ಇಡುತ್ತಿದ್ದೆ. ಬ್ಯಾಲೆನ್ಸ್ ಇದೆಯಾ ಎಂದಳು. ಎದೆಯುಬ್ಬಿಸಿ ಹೇಳಿದೆ: “ಐತಿ. ಒಂದು ಲಕ್ಷ ಐತಿ.”

ಆ ಒಂದು ಲಕ್ಷ ಆದದ್ದು ಹೇಗೆಂದು ಕೇಳಬೇಡಿ. ಬೋರಿನ ಮೋಟರು ಸುಟ್ಟಿತು, ಅದರ ಹಿಂದೆ ಕೇಬಲ್ಲು, ಪೈಪು. ಅಷ್ಟು ನಿಜವಾದ ಕಾರಣ. ಉಳಿದದ್ದು ಕಾರ್ಡಿದೆಯಲ್ಲ ಎಂಬ ಕಾರಣ. ತಿಂಗಳು ತಿಂಗಳು ಮಿನಿಮಂ ಕಟ್ಟುತ್ತ, ನೂರಕ್ಕೆ ಮೂರೂವರೆ ರೂಪಾಯಿ ತಿಂಗಳ ಬಡ್ಡಿ ತೆರುತ್ತ, ಸಾಲವನ್ನು ಎಮ್ಮೆ ಸಾಕಿದ ಹಾಗೆ ಸಾಕಿಕೊಂಡಿದ್ದೆ. ಎಮ್ಮೆಯಾದರೆ ಹಾಲಾದರೂ ಕೊಡುತ್ತಿತ್ತು.

“ಸರ್, ಆ ಬ್ಯಾಲೆನ್ಸ್‌ನ ನಮ್ಮ ಕಾರ್ಡಿಗೆ ಟ್ರಾನ್ಸ್‌ಫರ್ ಮಾಡಿಸ್ಕೊಳಿ. ತೊಂಬತ್ತು ದಿನ ಸೊನ್ನೆ ಬಡ್ಡಿ. ಝೀರೋ ಪರ್ಸೆಂಟ್ ಸರ್!”

ಟ್ರಾನ್ಸ್‌ಫರ್ ಎಂದರೆ ವರ್ಗಾವಣೆ. ಮೇಷ್ಟರ ಕಿವಿಗೆ ಇದಕ್ಕಿಂತ ಸವಿಯಾದ ಶಬ್ದ ಇನ್ನೊಂದಿಲ್ಲ. ಅರ್ಧ ಆಯುಷ್ಯವನ್ನು ಕೌನ್ಸೆಲಿಂಗಿನ ಸಾಲಿನಲ್ಲಿ ನಿಂತು ಕಳೆದವರು ನಾವು. ವರ್ಗವಾದರೆ ಮೇಷ್ಟರೇನೂ ಬದಲಾಗುವುದಿಲ್ಲ, ಸಹಿ ಮಾಡುವ ಹಾಜರಿ ಪುಸ್ತಕ ಮಾತ್ರ ಬದಲಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಸಾಲಕ್ಕೂ ಅದೇ ನಿಯಮ ಎಂಬುದು ಮಾತ್ರ ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ನಮ್ಮ ತಾಲೂಕಿನ ದೇವರಗುಡ್ಡದಲ್ಲಿ ದಸರೆಗೆ ಗೊರವಪ್ಪ ಬಿಲ್ಲೇರಿ ಕಾರಣಿಕ ನುಡಿಯುವುದನ್ನು ನೋಡಿದವರಿಗೆ ಗೊತ್ತು. ನುಡಿ ಒಂದೇ ಸಾಲು. ಅದರ ಅರ್ಥ ಮಾಡಲು ಮಾತ್ರ ವರ್ಷವೆಲ್ಲ ಬೇಕು. ಒಬ್ಬ ಮಳೆ ಎನ್ನುತ್ತಾನೆ, ಇನ್ನೊಬ್ಬ ರಾಜಕೀಯ ಎನ್ನುತ್ತಾನೆ, ಮೆಣಸಿನಕಾಯಿ ಬೆಳೆದವನು ಧಾರಣಿ ಎನ್ನುತ್ತಾನೆ. ಬ್ಯಾಂಕಿನ ಕಾರಣಿಕವೂ ಹಾಗೆಯೇ. ‘ಝೀರೋ ಪರ್ಸೆಂಟ್’ ಎಂಬ ನುಡಿ ಮೆಸೇಜಿನಲ್ಲಿ ದಪ್ಪ ಅಕ್ಷರದಲ್ಲಿ ಬರುತ್ತದೆ. ಅದರ ಅರ್ಥ ಷರತ್ತಿನ ಹಾಳೆಯಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ ಮಲಗಿರುತ್ತದೆ. ವ್ಯತ್ಯಾಸ ಇಷ್ಟೇ, ಕಾರಣಿಕ ನುಡಿದ ಮೇಲೆ ಗೊರವಪ್ಪ ತಾನೇ ಬಿಲ್ಲಿನಿಂದ ಕೆಳಗೆ ಬೀಳುತ್ತಾನೆ. ಇಲ್ಲಿ ಬೀಳುವವನು ಕೇಳಿಸಿಕೊಂಡವನು.

ಹಾಳೆಯ ಮೊದಲ ಸಾಲು ಪ್ರೊಸೆಸಿಂಗ್ ಫೀ. ಶೇಕಡ ಎರಡು. ಒಂದು ಲಕ್ಷಕ್ಕೆ 2,000 ರೂಪಾಯಿ, ಅದರ ಮೇಲೆ ಶೇಕಡ 18ರ ಜಿಎಸ್‌ಟಿ 360. ಒಟ್ಟು 2,360. ಸೊನ್ನೆ ಎಂದಿರಲ್ಲ ತಾಯಿ ಎಂದೆ. “ಬಡ್ಡಿ ಸೊನ್ನೆ ಸರ್, ಇದು ಫೀ” ಎಂದಳು. ಉಂಡ ಊಟಕ್ಕೆ ದುಡ್ಡಿಲ್ಲ, ಎಲೆಗೆ ಮಾತ್ರ ದುಡ್ಡು ಎಂದ ಹಾಗಾಯಿತು. ನನ್ನ ಹಳೇ ಸೂತ್ರಕ್ಕೆ ಈ ಫೀಯನ್ನು ಹಾಕಿ ನೋಡಿದರೆ ತೊಂಬತ್ತು ದಿನಕ್ಕೆ ನೂರಕ್ಕೆ 2.36, ಅಂದರೆ ವರ್ಷಕ್ಕೆ ಸುಮಾರು ಶೇಕಡ ಒಂಬತ್ತೂವರೆ. ಇದೇ ಫೀಗೆ ಅರವತ್ತೇ ದಿನದ ಸೊನ್ನೆ ಕೊಡುವ ಆಫರುಗಳೂ ಉಂಟು. ಆ ಸೊನ್ನೆ ವರ್ಷದ ಲೆಕ್ಕದಲ್ಲಿ ಶೇಕಡ 14 ದಾಟುತ್ತದೆ. ಆರ್ಯಭಟನ ನಾಡಿನಲ್ಲಿ ಸೊನ್ನೆ ಇಷ್ಟು ದಷ್ಟಪುಷ್ಟವಾಗಿ ಬೆಳೆದದ್ದು ಬ್ಯಾಂಕಿನವರ ಕೈಯಲ್ಲಿ ಮಾತ್ರ.

ಆದರೂ ನ್ಯಾಯವಾಗಿ ಹೇಳಬೇಕು, ಈ ತನಕ ಮೋಸವೇನಿಲ್ಲ. ಹಳೆಯ ಕಾರ್ಡಿನಲ್ಲೇ ಆ ಲಕ್ಷ ಮೂರು ತಿಂಗಳು ಕೂತಿದ್ದರೆ ಬಡ್ಡಿ 10,500, ಬಡ್ಡಿಯ ಮೇಲೆ ಜಿಎಸ್‌ಟಿ 1,890. ಬ್ಯಾಂಕಿನ ಬೇರೆ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಮಾತ್ರ ಉಂಟು. ಸರ್ಕಾರಕ್ಕೂ ನಮ್ಮ ಮೇಲೆ ಅಷ್ಟು ಪ್ರೀತಿ. ಹೀಗೆ 12,390 ಹೋಗುವ ಕಡೆ 2,360ರಲ್ಲಿ ಮುಗಿಯುತ್ತದೆ ಎಂದರೆ ಹತ್ತು ಸಾವಿರದ ಉಳಿತಾಯ. ಲೆಕ್ಕ ನೂರಕ್ಕೆ ನೂರು ಸರಿ. ಒಂದೇ ಷರತ್ತು, ತೊಂಬತ್ತು ದಿನದೊಳಗೆ ಪೂರಾ ಹಣ ಕಟ್ಟಬೇಕು. ಅಂದರೆ ತಿಂಗಳಿಗೆ 34,120 ರೂಪಾಯಿ, ಮೂರು ತಿಂಗಳು. ತಿಂಗಳಿಗೆ 34,120 ಕಟ್ಟುವ ತಾಕತ್ತು ಇದ್ದವನು ಮೊದಲ ಕಾರ್ಡಿನಲ್ಲಿ ಮಿನಿಮಂ ಕಟ್ಟುತ್ತ ಕೂರುತ್ತಿದ್ದನೇ? ಈ ಪ್ರಶ್ನೆಯನ್ನು ಬ್ಯಾಂಕು ಕೇಳಿಕೊಂಡಿರುತ್ತದೆ. ನಾವು ಕೇಳಿಕೊಂಡಿರುವುದಿಲ್ಲ. ಇಡೀ ವ್ಯಾಪಾರ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ನನ್ನ ಹತ್ತಿರ ಉತ್ತರವಿತ್ತು, ಸುಳ್ಳು ಹೇಳಬಾರದು. ಅಣ್ಣನ ಜೊತೆ ಪಾಲಿನಲ್ಲಿ ಬೆಳೆದ ಮೆಣಸಿನಕಾಯಿ ಚೀಲಗಳು ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ತಣ್ಣಗೆ ಮಲಗಿದ್ದವು. “ಏ ತಮ್ಮಾ, ಈಗ ಮಾರಬ್ಯಾಡ. ಜೂನ್‌ದಾಗ ರೇಟ್ ಏರತೈತಿ,” ಎಂದಿದ್ದ ಅಣ್ಣ. ಜೂನಿನಲ್ಲಿ ಮಾರುವುದು, ಜುಲೈ ಹುಟ್ಟುವಷ್ಟರಲ್ಲಿ ಸಾಲ ತೀರಿಸುವುದು. ಬ್ಯಾಂಕಿನ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಇದ್ದ ಅಂತರ ಇಷ್ಟೇ: ಅವರದು ಕ್ಯಾಲೆಂಡರಿನ ಮೇಲೆ ನಿಂತಿತ್ತು, ನನ್ನದು ಮೆಣಸಿನಕಾಯಿ ಮೇಲೆ. ಬ್ಯಾಡಗಿ ಮಾರುಕಟ್ಟೆಯಲ್ಲಿ 2024ರ ಮಾರ್ಚಿನಲ್ಲಿ ಧಾರಣಿ ಕುಸಿದು ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ ಸುದ್ದಿ ಓದಿಯೂ ನಾನು ಮೆಣಸಿನಕಾಯಿಯನ್ನು ನಂಬಿದೆ. ಗಣಿತ ಕಲಿಸಿದವನೇ ಹೊರತು ಬುದ್ಧಿ ಕಲಿತವನಲ್ಲ.

ಒಪ್ಪಿದೆ. ಮೊಬೈಲಿಗೆ ಬಂದ ಓಟಿಪಿ ಒತ್ತಿದೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ನನಗೆ ಸಿಕ್ಕದ್ದು ತೊಂಬತ್ತು ದಿನ.

ಹಣ ಏಪ್ರಿಲ್ 13ರಂದು ಮೊದಲ ಬ್ಯಾಂಕಿಗೆ ಮುಟ್ಟಿತು. ಪೀಡೆ ತೊಲಗಿತೆಂದು ಆ ಕಾರ್ಡನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಹಾಕಿದೆ. ಮೇ ತಿಂಗಳಲ್ಲಿ ಅಲ್ಲಿಂದ 1,630 ರೂಪಾಯಿಯ ಬಿಲ್ಲು. ಮುಗಿದ ಮದುವೆಗೆ ಬ್ಯಾಂಡಿನವರು ಬಂದ ಹಾಗೆ. ವಿಚಾರಿಸಿದರೆ ವಿಷಯ ಇದು: ಒಂದು ಲಕ್ಷ ಎಂಬುದು ಏಪ್ರಿಲ್ 1ರ ಬಿಲ್ಲಿನ ಅಂಕಿ. ಹಣ ಮುಟ್ಟಿದ್ದು 13ಕ್ಕೆ. ನಡುವಿನ ಹನ್ನೆರಡು ದಿನ ಅಲ್ಲಿ ಬಡ್ಡಿ ನಿದ್ದೆ ಮಾಡಿರಲಿಲ್ಲ. ದಿನಕ್ಕೆ 115 ರೂಪಾಯಿಯಂತೆ 1,380, ಮೇಲೆ ಜಿಎಸ್‌ಟಿ. ನಾನು ಆ ಬಿಲ್ಲನ್ನು ಕಣ್ತಪ್ಪಿನ ಬಿಲ್ಲೆಂದು ತಿಳಿದು ಸುಮ್ಮನಿದ್ದೆ. ಅದಕ್ಕೆ ತಡವಾದ ದಂಡ 500, ದಂಡಕ್ಕೆ ಜಿಎಸ್‌ಟಿ 90. ಹಾವು ಹೋದ ಮೇಲೂ ಅದು ಹೋದ ದಾರಿ ಕಚ್ಚುವುದನ್ನು ನಾನು ಕಂಡದ್ದು ಅಲ್ಲಿಯೇ.

ಅದನ್ನೂ ಕಟ್ಟಿದೆ. ಕಟ್ಟಿದ ವಾರಕ್ಕೆ ಅದೇ ಮೊದಲ ಬ್ಯಾಂಕು ಮೆಸೇಜು ಕಳಿಸಿತು: ನಿಮ್ಮಂಥ ಉತ್ತಮ ಗ್ರಾಹಕರಿಗೆ ಲಿಮಿಟ್ ಹೆಚ್ಚಿಸಲು ಸಂತೋಷವಾಗುತ್ತದೆ, ಒಪ್ಪಿಗೆಯೇ? ಕೇಳದೆ ಲಿಮಿಟ್ ಹೆಚ್ಚಿಸಬಾರದೆಂಬ ನಿಯಮ ಇರುವುದರಿಂದ ಅವರು ಪಾಪ, ಕೇಳಿದರು. ಪೂರ್ತಿ ಖಾಲಿಯಾದ ಕಾರ್ಡು, ಮೇಲೆ ಹೆಚ್ಚಿನ ಲಿಮಿಟ್ಟು. ಒಂದು ಬಾವಿಯಿಂದ ಎತ್ತಿ ಇನ್ನೊಂದು ಬಾವಿಗೆ ಇಳಿಸಿದ್ದಾರೆ, ಮೊದಲ ಬಾವಿಗೂ ಹೊಸ ಮೆಟ್ಟಿಲು ಕಟ್ಟಿಸಿದ್ದಾರೆ. ನಾನು ‘ಬೇಡ’ ಎಂದೆ. ಈ ಕಥೆಯಲ್ಲಿ ನನ್ನ ಏಕೈಕ ಜಾಣತನ ಅದು. ದಾಖಲಾಗಲಿ ಎಂದು ಬರೆದಿದ್ದೇನೆ.

ಇನ್ನು ಎರಡನೆಯ ಕಾರ್ಡಿನ ಕಥೆ. ಮೊದಲ ಬಿಲ್ಲಿನಲ್ಲಿ ಫೀಯ 2,360 ಸೇರಿಸಿ ಮಿನಿಮಂ 7,360 ಎಂದಿತ್ತು. ಕಟ್ಟಿದೆ. ಮುಂದಿನ ತಿಂಗಳು 4,750. ಕಟ್ಟಿದೆ. ಬಾಕಿ 90,250ಕ್ಕೆ ಇಳಿಯಿತು. ಬಡ್ಡಿಯ ಕಾಲಂನಲ್ಲಿ ಸೊನ್ನೆ ನೋಡಿ ಹೆಂಡತಿಗೆ ತೋರಿಸಿದೆ. “ನೋಡು, ಮಾಸ್ತರ್ ಕೆಲಸ ಅಂದ್ರ ಇದು.” ಅವಳು ರೊಟ್ಟಿ ತಟ್ಟುತ್ತ ತಲೆ ಎತ್ತದೆ ಕೇಳಿದಳು: “ಮತ್ತ ಅವರಿಗೇನು ಲಾಭರಿ?” ಬ್ಯಾಂಕುಗಳ ಬಗ್ಗೆ ಈ ದೇಶದಲ್ಲಿ ಕೇಳಬಹುದಾದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ನಾನು ನಕ್ಕುಬಿಟ್ಟೆ.

ಲಾಭ ಏನೆಂದು ಜೂನಿನಲ್ಲಿ ತಿಳಿಯಿತು. ರೋಹಿಣಿ ಮಳೆ ಬಿತ್ತು. ಗೋವಿನಜೋಳದ ಬೀಜ, ಗೊಬ್ಬರ ಎಂದು ರಾಣೆಬೆನ್ನೂರಿನಲ್ಲಿ 20,000 ರೂಪಾಯಿ ಆಯಿತು. ಅಂಗಡಿಯವರ ಹತ್ತಿರ ಕಾರ್ಡು ಉಜ್ಜುವ ಮಷೀನಿತ್ತು, ನನ್ನ ಕಿಸೆಯಲ್ಲಿ ಸೊನ್ನೆ ಬಡ್ಡಿಯ ಕಾರ್ಡಿತ್ತು. ಉಜ್ಜಿದೆ. ಕಾರ್ಡಿನಲ್ಲಿ ತಂದ ಸಾಮಾನಿಗೆ ನಲವತ್ತೈವತ್ತು ದಿನ ಬಡ್ಡಿಯಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಜೂನ್ 25ರ ಬಿಲ್ಲಿನಲ್ಲಿ ಆ ಇಪ್ಪತ್ತು ಸಾವಿರದ ಮೇಲೆ ಸುಮಾರು 700 ರೂಪಾಯಿ ಬಡ್ಡಿ ಮತ್ತು ತೆರಿಗೆ ಬಿದ್ದಿತ್ತು.

ನಲವತ್ತೈವತ್ತು ದಿನದ ಆ ಸೌಲಭ್ಯ ಸಿಗುವುದು ಹಿಂದಿನ ಬಿಲ್ಲನ್ನು ಪೂರ್ತಿ ತೀರಿಸಿದವರಿಗೆ ಮಾತ್ರ. ಹಿಂದಿನ ಬಾಕಿಯಲ್ಲಿ ಒಂದು ಭಾಗ ಉಳಿಸಿಕೊಂಡವನಿಗೆ ಹೊಸ ಖರೀದಿಯ ಮೇಲೆ ಉಜ್ಜಿದ ದಿನದಿಂದಲೇ ಬಡ್ಡಿ. ನನ್ನ ಕಾರ್ಡಿನ ಹಾಳೆಯ ಪ್ರಕಾರ ವರ್ಗವಾಗಿ ಬಂದ ಲಕ್ಷವೂ ಹಿಂದಿನ ಬಾಕಿಯೇ. ಅಂದರೆ ಸೊನ್ನೆ ಬಡ್ಡಿಯ ಸಾಲ ಮನೆಯಲ್ಲಿ ಕೂತಿರುವವರೆಗೆ ಆ ಕಾರ್ಡಿನಲ್ಲಿ ಕೊಂಡ ಬೆಂಕಿಪೊಟ್ಟಣಕ್ಕೂ ನೂರಕ್ಕೆ ಮೂರೂ ಮುಕ್ಕಾಲು ರೂಪಾಯಿ ತಿಂಗಳ ಬಡ್ಡಿ. ಬೇಲಿಯೊಳಗೆ ಮೇವು ಇಟ್ಟು ಬಾಗಿಲು ತೆರೆದಿಟ್ಟಿರುತ್ತಾರೆ. ಒಳಗೆ ಬಂದ ಮೇಲೆ ಬಾಗಿಲು ಯಾವಾಗ ಮುಚ್ಚಿತು ಎಂಬುದು ದನಕ್ಕೆ ಗೊತ್ತಾಗುವುದಿಲ್ಲ.

ಇರಲಿ, ಈ ಬೀಜದ ಸಾಲವನ್ನಾದರೂ ಮೊದಲು ತೀರಿಸಿಬಿಡೋಣ ಎಂದುಕೊಂಡೆ. ಪೆನ್ಶನ್ ಹಣ ಕೂಡಿಸಿ, ಮಗನ ಹತ್ತಿರ ಕೈಗಡ ತೆಗೆದುಕೊಂಡು ಜುಲೈ 5ರಂದು ಒಮ್ಮೆಲೇ 30,000 ಕಟ್ಟಿದೆ. ಬೀಜದ್ದು ಇಪ್ಪತ್ತು, ಬಡ್ಡಿ ಏಳುನೂರು ಹೋದರೂ ಒಂಬತ್ತು ಸಾವಿರದ ಮೇಲೆ ವರ್ಗದ ಸಾಲಕ್ಕೆ ಹೋಗುತ್ತದೆ ಎಂಬ ನನ್ನ ಲೆಕ್ಕ. ಬಿಲ್ಲಿನಲ್ಲಿ ನೋಡುತ್ತೇನೆ, ಬೀಜದ ಇಪ್ಪತ್ತು ಸಾವಿರ ಕೂದಲೂ ಕೊಂಕದೆ ಹಾಗೇ ಕೂತಿದೆ.

ಫೋನು ಮಾಡಿದೆ. ಈ ಸಲ ಜೇನಿನ ಕಂಠವಲ್ಲ. ಒಂದು ಒತ್ತಿ, ಎರಡು ಒತ್ತಿ, ಒಂಬತ್ತು ಒತ್ತಿ, ಹದಿನೇಳು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗ ಸಿಕ್ಕ.

“ನಾನು ಬೀಜದ ರೊಕ್ಕ ಕಟ್ಟೀನಿ. ನೀವು ಬ್ಯಾರೆದಕ್ಕ ಹಿಡಕೊಂಡೀರಿ.”

“ಸರ್, ನೀವು ಕಟ್ಟಿದ್ದು ಯಾವುದಕ್ಕೆ ಅಂತ ನೀವು ಹೇಳೋಕಾಗಲ್ಲ ಸರ್. ಸಿಸ್ಟಮ್ ಆರ್ಡರ್ ಇರುತ್ತೆ. ಮೊದಲು ಟ್ಯಾಕ್ಸ್, ಆಮೇಲೆ ಫೀ, ಆಮೇಲೆ ಬಡ್ಡಿ, ಆಮೇಲೆ ಬ್ಯಾಲೆನ್ಸ್ ಟ್ರಾನ್ಸ್‌ಫರ್, ಆಮೇಲೆ ಪರ್ಚೇಸ್.”

“ಅಂದ್ರ ಬಡ್ಡಿ ಇಲ್ಲದ ಸಾಲ ಮೊದಲ ತೀರಸ್ತೀರಿ, ಬಡ್ಡಿ ಇರೂದನ್ನ ಕಡೀಕ ಇಟಗೋತೀರಿ.”

“ಕರೆಕ್ಟ್ ಸರ್. ಇನ್ನೇನಾದರೂ ಸಹಾಯ ಬೇಕಾ ಸರ್?”

ನನ್ನ ಮೂವತ್ತು ಸಾವಿರದಲ್ಲಿ ಏಳುನೂರು ಬಡ್ಡಿ ತೆರಿಗೆಗೆ ಹೋಗಿ, ಉಳಿದ 29,300 ಪೂರ್ತಿ ಸೊನ್ನೆಯ ಸಾಲಕ್ಕೇ ಹೋಗಿತ್ತು. ಎರಡು ಎಕರೆ ಹೊಲದಲ್ಲಿ ಕಳೆ ಕೀಳಲು ಆಳು ಕರೆಸಿದರೆ, ಕಳೆಯನ್ನು ಬಿಟ್ಟು ಪೈರನ್ನೇ ಕಿತ್ತು ಬದುವಿಗೆ ಒಟ್ಟಿ ಕೂಲಿ ಕೇಳಿದ ಹಾಗೆ. ಈ ಕ್ರಮವನ್ನು ಯೋಚಿಸಿ ಬರೆದವನು ಎಲ್ಲೇ ಇರಲಿ, ಅವನ ಗಣಿತಕ್ಕೆ ನಾನು ನೂರಕ್ಕೆ ನೂರು ಕೊಡುತ್ತೇನೆ. ನಡತೆಯ ಕಾಲಂ ಮಾತ್ರ ಖಾಲಿ ಬಿಡುತ್ತೇನೆ.

ಈ ವಿದ್ಯೆ ನಮ್ಮದಲ್ಲ, ಅಮೆರಿಕದಿಂದ ಬಂದದ್ದು. ಮೊದಲು ಕಡಿಮೆ ಬಡ್ಡಿಯ ಆಸೆ ತೋರಿಸಿ ಬೇರೆ ಬ್ಯಾಂಕಿನ ಬಾಕಿಯನ್ನು ಎಳೆದುಕೊಳ್ಳುವುದು ಅಲ್ಲಿ 1990ರ ದಶಕದಲ್ಲೇ ದೊಡ್ಡ ವ್ಯಾಪಾರವಾಗಿತ್ತು. ಕಟ್ಟಿದ ಹಣ ಕಡಿಮೆ ಬಡ್ಡಿಯ ಸಾಲಕ್ಕೆ ಮೊದಲು ಹೋಗುವ ಕೈಚಳಕವೂ ಅಲ್ಲಿತ್ತು. 2009ರ ಮೇ 22ರಂದು ಒಬಾಮ ಸಹಿ ಹಾಕಿದ ಕ್ರೆಡಿಟ್ ಕಾರ್ಡ್ ಕಾಯ್ದೆ ಎರಡು ಕೆಲಸ ಮಾಡಿತು. ಆಸೆ ತೋರಿಸುವ ದರ ಕನಿಷ್ಠ ಆರು ತಿಂಗಳಾದರೂ ಇರಬೇಕು, ಮಿನಿಮಂಗಿಂತ ಹೆಚ್ಚು ಕಟ್ಟಿದ ಹಣ ಹೆಚ್ಚು ಬಡ್ಡಿಯ ಬಾಕಿಗೆ ಮೊದಲು ಹೋಗಬೇಕು ಎಂದಿತು. ನಾನು ಅಮೆರಿಕದಲ್ಲಿ ಹುಟ್ಟಿದ್ದರೆ ನನ್ನ ಬೀಜದ ಸಾಲ ಜುಲೈ 5ಕ್ಕೇ ತೀರುತ್ತಿತ್ತು. ಅಲ್ಲಿ ಗೋವಿನಜೋಳವನ್ನೂ ಚೆನ್ನಾಗಿ ಬೆಳೆಯುತ್ತಾರಂತೆ.

ತೊಂಬತ್ತು ದಿನ ಎಂದು ಮುಗಿಯುತ್ತದೆ ಎಂಬುದರಲ್ಲೂ ಒಂದು ಚಮತ್ಕಾರವಿದೆ. ಜೂನ್ 25ರ ಬಿಲ್ಲು ಕಟ್ಟಲು ಕೊನೆಯ ದಿನ ಜುಲೈ 15. ಆ ತಾರೀಖಿನವರೆಗೆ ನಿಶ್ಚಿಂತೆ ಎಂದುಕೊಂಡಿದ್ದೆ. ಆದರೆ ತೊಂಬತ್ತು ದಿನ ಎಣಿಸುವುದು ಬಿಲ್ಲಿನಿಂದಲ್ಲ, ಹಣ ಹೋದ ದಿನದಿಂದ. ಏಪ್ರಿಲ್ 13ಕ್ಕೆ ತೊಂಬತ್ತು ಕೂಡಿಸಿದರೆ ಜುಲೈ 12. ಮೂರು ದಿನ ಮೊದಲೇ ಸೊನ್ನೆಯ ಆಯುಸ್ಸು ತೀರಿತ್ತು. ನನಗೆ ಮೊದಲು ಫೋನು ಮಾಡಿ ದಿನಕ್ಕೆರಡು ಮೆಸೇಜು ಕಳಿಸುತ್ತಿದ್ದ ಬ್ಯಾಂಕು, ಜುಲೈ 12ರ ಬಗ್ಗೆ ಒಂದೇ ಒಂದು ಮೆಸೇಜು ಕಳಿಸಲಿಲ್ಲ. ದೀಪಾವಳಿ ಶುಭಾಶಯ ಕಳಿಸುತ್ತಾರೆ, ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಕಳಿಸುತ್ತಾರೆ. ಸೊನ್ನೆಯ ತಿಥಿಗೆ ಮಾತ್ರ ಯಾರನ್ನೂ ಕರೆಯುವುದಿಲ್ಲ.

ಮೆಣಸಿನಕಾಯಿ? ಜೂನಿನಲ್ಲಿ ರೇಟು ಏರಲಿಲ್ಲ. “ದಸರಾಕ್ಕ ಏರತೈತಿ ತಮ್ಮಾ,” ಎಂದ ಅಣ್ಣ. ಕೋಲ್ಡ್ ಸ್ಟೋರೇಜಿನ ಬಾಡಿಗೆ ಬೇರೆ ಓಡುತ್ತಿತ್ತು.

ಜುಲೈ 12 ದಾಟಿದ ಮೇಲೆ ಲೆಕ್ಕ ಹೀಗಾಯಿತು. ವರ್ಗದ ಸಾಲದಲ್ಲಿ ಉಳಿದದ್ದು 60,950. ಬೀಜದ್ದು 20,000. ಎರಡೂ ಸೇರಿ 80,950, ಈಗ ಎಲ್ಲಕ್ಕೂ ನೂರಕ್ಕೆ ಮೂರೂ ಮುಕ್ಕಾಲು. ತಿಂಗಳ ಬಡ್ಡಿ 3,036, ಅದಕ್ಕೆ ಜಿಎಸ್‌ಟಿ 546. ಹಳೆಯ ಕಾರ್ಡು ಮೂರೂವರೆಯದು, ಹೊಸದು ಮೂರೂ ಮುಕ್ಕಾಲಿನದು. ಬಡ್ಡಿ ಹೆಚ್ಚಾಯಿತೆಂದು ಓಡಿಬಂದವನು ಇನ್ನೂ ಹೆಚ್ಚಿನ ಬಡ್ಡಿಯ ಮನೆಯ ಹಿತ್ತಲಲ್ಲಿ ಅಡಗಿದ್ದೆ.

ಆ ರಾತ್ರಿ ಹಳೆಯ ನೋಟ್‌ಬುಕ್ ತೆಗೆದು, ಹೊಸದೇನನ್ನೂ ಉಜ್ಜದೆ ಬರೀ ಮಿನಿಮಂ ಕಟ್ಟುತ್ತ ಹೋದರೆ ಏನಾಗುತ್ತದೆ ಎಂದು ಹನ್ನೆರಡು ಸಾಲು ಬರೆದೆ. ಪ್ರತಿ ತಿಂಗಳು ಅಸಲಿನಲ್ಲಿ ಶೇಕಡ ಐದು, ಜೊತೆಗೆ ಆ ತಿಂಗಳ ಬಡ್ಡಿ ಮತ್ತು ತೆರಿಗೆ. ವರ್ಷ ಮುಗಿಯುವಾಗ ನಾನು ಕಟ್ಟಿದ ಹಣ ಸುಮಾರು 70,000 ಆಗುತ್ತದೆ. ಅದರಲ್ಲಿ 33,000ದ ಹತ್ತಿರ ಬಡ್ಡಿ, ತೆರಿಗೆ. ಇಷ್ಟಾದ ಮೇಲೂ ಉಳಿಯುವ ಬಾಕಿ 43,000ಕ್ಕಿಂತ ಹೆಚ್ಚು. ಬರೀ ಮಿನಿಮಂ ಕಟ್ಟುತ್ತ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆಯನ್ನು ಪ್ರತಿ ಬಿಲ್ಲಿನಲ್ಲೂ ಮುದ್ರಿಸಬೇಕೆಂದು ರಿಸರ್ವ್ ಬ್ಯಾಂಕು ಹೇಳಿದೆ. ಮುದ್ರಿಸುತ್ತಾರೆ ಕೂಡ. ಸಿಗರೇಟು ಪೊಟ್ಟಣದ ಮೇಲಿನ ಚಿತ್ರ ನೋಡಿ ಯಾರಾದರೂ ಸಿಗರೇಟು ಬಿಟ್ಟದ್ದನ್ನು ನೀವು ಕಂಡಿದ್ದರೆ, ಇದನ್ನು ಓದಿ ಪೂರ್ತಿ ಕಟ್ಟಿದವನೂ ನಿಮಗೆ ಸಿಕ್ಕಾನು.

ನಮ್ಮೂರಲ್ಲಿ ಹಿಂದೆ ಒಬ್ಬ ಸಾಹುಕಾರರಿದ್ದರು. ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ಕೊಡುತ್ತಿದ್ದರು. ಅವರು ದಾರಿಯಲ್ಲಿ ಬಂದರೆ ತಾಯಂದಿರು ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ಅಂಥವರನ್ನು ಹಿಡಿಯಲು ಕರ್ನಾಟಕ 2004ರಲ್ಲಿ ವಿಪರೀತ ಬಡ್ಡಿ ನಿಷೇಧ ಕಾಯ್ದೆಯನ್ನೇ ಮಾಡಿತು. ಅವರ ಮಗ್ಗುಲಲ್ಲಿ ಕೂತು ಮೂರೂ ಮುಕ್ಕಾಲು ತೆಗೆದುಕೊಳ್ಳುವವರಿಗೆ ಏನು ಶಿಕ್ಷೆ ಎಂದು ನೀವು ಕೇಳಬಹುದು. ಬ್ಯಾಂಕಿನ ಬಡ್ಡಿ ಅತಿಯಾಯಿತು ಎಂಬ ಕಾರಣಕ್ಕೆ ಕೋರ್ಟುಗಳು ಆ ಲೆಕ್ಕವನ್ನು ಬಿಚ್ಚಿ ನೋಡಬಾರದೆಂದು ಬ್ಯಾಂಕಿಂಗ್ ರೆಗ್ಯುಲೇಶನ್ ಕಾಯ್ದೆಯ 21ಎ ಕಲಂ ಹೇಳುತ್ತದೆ. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ, ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇಕಡ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯದ ವ್ಯಾಪಾರ ಎಂದು ತೀರ್ಪು ಕೊಟ್ಟಿತ್ತು. ಹದಿನಾರು ವರ್ಷ ಕಳೆದು 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಮೂರು ರೂಪಾಯಿ ಬಡ್ಡಿ ತಿಂದರೆ ಬಡ್ಡಿ ಸಾಹುಕಾರ, ಮೂರೂ ಮುಕ್ಕಾಲು ತಿಂದರೆ ಗ್ರಾಹಕ ಸೇವೆ. ನಮ್ಮ ಸಾಹುಕಾರರು ಮುಕ್ಕಾಲು ರೂಪಾಯಿ ಕಡಿಮೆ ತೆಗೆದುಕೊಂಡು ಕೆಟ್ಟರು. ಒಂದು ಮಾತು ಮಾತ್ರ ಅವರ ಬಗ್ಗೆ ಹೇಳಬೇಕು: ಸೊನ್ನೆ ಎಂದು ಅವರು ಒಂದು ದಿನವೂ ಹೇಳಲಿಲ್ಲ. ಮೂರು ಎಂದರೆ ಮೂರು.

ಜುಲೈ ಕೊನೆಯಲ್ಲಿ ಮತ್ತೆ ಹತ್ತು ಗಂಟೆ ಒಂದು ನಿಮಿಷಕ್ಕೆ ಫೋನು. ಮೂರನೆಯ ಬ್ಯಾಂಕು. “ಸರ್, ಬೇರೆ ಕಾರ್ಡಲ್ಲಿ ಬ್ಯಾಲೆನ್ಸ್ ಇದೆಯಾ ಸರ್? ಅರವತ್ತು ದಿನ ಸೊನ್ನೆ ಸರ್.” ನಿಜ ಹೇಳುತ್ತೇನೆ, ಬಾಯಿಗೆ ಬಂದಿತ್ತು, ಹೌದು ಎನ್ನುವುದು. ಮತ್ತೆ ಫೀ, ಮತ್ತೆ ಹಿಂದಿನ ಕಾರ್ಡಿನ ಬಾಲದ ಬಡ್ಡಿ, ಮತ್ತೆ ಎಣಿಸಲು ಹೊಸ ತಾರೀಖು. ಅಷ್ಟರಲ್ಲಿ ಎರಡನೆಯ ಬ್ಯಾಂಕೂ ಮೆಸೇಜು ಕಳಿಸಿತು, ನಿಮ್ಮ ಬಾಕಿಯನ್ನು ಸುಲಭ ಕಂತುಗಳಾಗಿ ಪರಿವರ್ತಿಸಿ ಎಂದು. ಅದಕ್ಕೂ ಪ್ರೊಸೆಸಿಂಗ್ ಫೀ ಉಂಟು. ಗಾಯ ಮಾಡಿದವರೇ ಔಷಧದ ಅಂಗಡಿ ಇಟ್ಟಿದ್ದಾರೆ.

ಫೋನು ಹೆಂಡತಿಯ ಕೈಗೆ ಹೋಯಿತು. ಆ ಹುಡುಗಿಗೆ ಏನು ಹೇಳಿದಳೋ, ಮೂರನೆಯ ಬ್ಯಾಂಕಿನಿಂದ ಇವತ್ತಿನವರೆಗೆ ಫೋನಿಲ್ಲ. ರಿಸರ್ವ್ ಬ್ಯಾಂಕಿನಿಂದ ಆಗದ ಕೆಲಸ. ಮಾರನೆಯ ದಿನ ನಾಲ್ಕು ಬಳೆ, ಒಂದು ಸರ ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಜೊತೆ ಸೊಸೈಟಿಗೆ ಬಂದಳು. ಬಂಗಾರದ ಮೇಲೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಕಾರ್ಡಿನ ಬಾಕಿಯನ್ನು ಅಂದೇ ಪೂರ್ತಿ ಕಟ್ಟಿದೆವು. ಕಾರ್ಡು ಮುಚ್ಚಲು ಬರೆದುಕೊಟ್ಟೆ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿ ದಂಡವನ್ನು ಬ್ಯಾಂಕೇ ನನಗೆ ಕೊಡಬೇಕು ಎಂಬ ನಿಯಮ ಆ ಹೊತ್ತಿಗೆ ನನಗೆ ಬಾಯಿಪಾಠವಾಗಿತ್ತು. ಆರನೇ ದಿನಕ್ಕೆ ಮುಚ್ಚಿದರು. ಆ ಒಂದು ವಿಷಯದಲ್ಲಿ ತಡಮಾಡಿದ್ದರೆ ನನಗೇನೂ ಬೇಸರವಿರಲಿಲ್ಲ.

ಸೊಸೈಟಿಯಿಂದ ಬರುವಾಗ ದಾರಿಯಲ್ಲಿ ಅವಳು ಒಂದೇ ಮಾತು ಕೇಳಿದಳು. “ಬಂಗಾರ ಏಪ್ರಿಲ್‌ದಾಗೂ ಮನ್ಯಾಗ ಇತ್ತಲ್ರಿ. ಒಂದು ಲಕ್ಷಕ್ಕ ತಿಂಗಳಿಗೆ ಸಾವಿರ ಬಡ್ಡಿ. ಮೂರು ತಿಂಗಳಿಗೆ ಎಷ್ಟಾಗ್ತಿತ್ತು, ಹೇಳ್ರಿ ಮಾಸ್ತರ.” ಬೆಂಚಿನ ಮೇಲೆ ನಿಲ್ಲಿಸುವುದೊಂದು ಬಾಕಿ.

ನಿಮಗೂ ಸೊನ್ನೆಯ ಫೋನು ಬರುತ್ತದೆ. ಬಂದರೆ ಬಯ್ಯಬೇಡಿ, ಆ ಹುಡುಗಿಗೂ ಟಾರ್ಗೆಟ್ ಇರುತ್ತದೆ. ಫೀ ಜಿಎಸ್‌ಟಿ ಸೇರಿ ಎಷ್ಟು ರೂಪಾಯಿ, ಸೊನ್ನೆ ಮುಗಿಯುವ ತಾರೀಖು ಯಾವುದು, ಇವೆರಡನ್ನು ಬರವಣಿಗೆಯಲ್ಲಿ ಕಳಿಸಲು ಹೇಳಿ. ಫೀ ಸೇರಿಸಿದ ಮೊತ್ತವನ್ನು ತಿಂಗಳುಗಳಿಂದ ಭಾಗಿಸಿ, ಬಂದ ಅಂಕಿ ನಿಮ್ಮ ಸಂಬಳದಲ್ಲಿ ಹಿಡಿಸುತ್ತದೆಯೇ ನೋಡಿ. ಮೆಣಸಿನಕಾಯಿಯಲ್ಲಿ ಅಲ್ಲ, ಸಂಬಳದಲ್ಲಿ. ಹಿಡಿಸಿದರೆ ಸಂತೋಷವಾಗಿ ತೆಗೆದುಕೊಳ್ಳಿ, ಬಾಕಿ ತೀರುವವರೆಗೆ ಆ ಕಾರ್ಡನ್ನು ಮಾತ್ರ ಅಂಗಡಿಗೆ ಒಯ್ಯಬೇಡಿ. ಮೆಣಸಿನಕಾಯಿಯ ಚೀಲಗಳು ಇನ್ನೂ ಬ್ಯಾಡಗಿಯಲ್ಲೇ ಇವೆ. ಅಣ್ಣ ಸಂಕ್ರಾಂತಿ ಎನ್ನುತ್ತಿದ್ದಾನೆ.